ಸಹಿಗೆ ಮುನ್ನ ನೇಮಕಾತಿ ಪತ್ರವನ್ನು ಓದುವ ಬಗೆ: ಸಂಬಳ, ಪ್ರೊಬೇಷನ್, ನೋಟಿಸ್ ಮತ್ತು ಗೋಪ್ಯತೆ

ಅಕ್ಕನ ಮಗಳು ಒಂದು ಭಾನುವಾರ ಮಂಡ್ಯದಿಂದ ಬೆಳಗಿನ ರೈಲಿಗೆ ಬಂದು, ಮೈಸೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಹದಿನಾಲ್ಕು ಪುಟಗಳ ನೇಮಕಾತಿ ಪತ್ರವೊಂದನ್ನು ಇಟ್ಟಳು. ಮೈಸೂರಿನದೇ ಹೆಬ್ಬಾಳದ ಕಡೆಯ ಒಂದು ಸೇವಾ ಕಂಪನಿಯ ಕಚೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಆಗಸ್ಟ್ 1ಕ್ಕೆ ಹಾಜರಾಗಬೇಕಿತ್ತು, ಮೂರು ದಿನದೊಳಗೆ ಸಹಿ ಮಾಡಿದ ಪ್ರತಿಯನ್ನು ಕಳಿಸಬೇಕಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಮಾವ, ವರ್ಷಕ್ಕೆ ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಅಂತ ಇದೆ. ಅಂದ್ರೆ ತಿಂಗಳಿಗೆ ಮೂವತ್ತೈದು ಸಾವಿರ ಕೈಗೆ ಬರುತ್ತೆ, ಅಲ್ವಾ?"

ಬರುವುದಿಲ್ಲ ಎಂದು ನಾನು ಪತ್ರ ತೆರೆಯುವ ಮೊದಲೇ ಹೇಳಿದೆ. ಮೈಸೂರಿನಲ್ಲಿ ಬಹಳ ವರ್ಷ ಸಿಬ್ಬಂದಿ ವಿಭಾಗದಲ್ಲಿದ್ದು ಇಂಥ ಪತ್ರಗಳನ್ನು ನಾನೇ ಸಿದ್ಧಪಡಿಸಿ, ನಾನೇ ಸಹಿ ಹಾಕಿಸಿಕೊಂಡಿದ್ದೇನೆ. ಆದ್ದರಿಂದ ಯಾವ ಷರತ್ತನ್ನು ಯಾವ ಉದ್ದೇಶದಿಂದ ಬರೆಯುತ್ತಾರೆ ಎಂಬುದು ನನಗೆ ಗೊತ್ತು. ಅವಳ ಪತ್ರವನ್ನೇ ಮುಂದಿಟ್ಟುಕೊಂಡು, ಆ ದಿನ ನಾವು ಓದಿದ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ. ಪತ್ರದಲ್ಲಿ ಷರತ್ತುಗಳು ಬೇರೆ ಬೇರೆ ಪುಟಗಳಲ್ಲಿ ಇರುತ್ತವೆ, ಆದರೆ ಅವುಗಳನ್ನು ಬಿಡಿಬಿಡಿಯಾಗಿ ಓದಿದರೆ ಅರ್ಥ ಪೂರ್ತಿ ಸಿಗುವುದಿಲ್ಲ. ಸಂಬಳದ ಪುಟದಲ್ಲಿರುವ ಒಂದು ಪದ ನೋಟಿಸ್ ಪುಟದಲ್ಲಿ ಹಣವಾಗುತ್ತದೆ.

ಮೊದಲ ಹೆಜ್ಜೆ: ಕಾಗದಗಳನ್ನು ಒಂದೆಡೆ ಸೇರಿಸಿ

ಓದಲು ಕೂರುವ ಮುನ್ನ ನಾಲ್ಕು ಕಾಗದಗಳು ಕೈಯಲ್ಲಿರಬೇಕು: ಸಂದರ್ಶನದ ನಂತರ ಬಂದ ಆಫರ್ ಲೆಟರ್ ಅಥವಾ ಇಮೇಲ್, ನೇಮಕಾತಿ ಪತ್ರ, ಅದರ ಕೊನೆಗೆ ಅನುಬಂಧವಾಗಿ ಲಗತ್ತಿಸಿರುವ ಸಂಬಳದ ವಿವರ, ಮತ್ತು ಪತ್ರದಲ್ಲಿ "ಕಂಪನಿಯ ನಿಯಮಗಳ ಪ್ರಕಾರ" ಎಂದು ಬಂದಲ್ಲೆಲ್ಲ ಉಲ್ಲೇಖವಾಗುವ ನಿಯಮ ಪುಸ್ತಕ. ನಾಲ್ಕನೆಯದನ್ನು ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ, ಕೇಳಿದರೆ ಕೊಡುತ್ತಾರೆ. ಕಣ್ಣಿಗೆ ಕಾಣದ ನಿಯಮವನ್ನು ಒಪ್ಪಿದ್ದೇನೆ ಎಂದು ಸಹಿ ಹಾಕುವುದು ಸರಿಯಲ್ಲವಾದ್ದರಿಂದ, ರಜೆ, ನೋಟಿಸ್ ಮತ್ತು ಗೋಪ್ಯತೆಗೆ ಸಂಬಂಧಿಸಿದ ಭಾಗಗಳನ್ನಾದರೂ ಕೇಳಿ ಪಡೆಯಿರಿ.

ಆಮೇಲೆ ಪತ್ರದ ಕೊನೆಯ ಪುಟಕ್ಕೆ ಹೋಗಿ. ಈ ಪತ್ರವು ಹಿಂದಿನ ಎಲ್ಲ ಮಾತುಕತೆ ಮತ್ತು ಪತ್ರ ವ್ಯವಹಾರವನ್ನು ರದ್ದುಪಡಿಸುತ್ತದೆ ಎಂಬ ಸಾಲು ಅಲ್ಲಿ ಬಹುತೇಕ ಇದ್ದೇ ಇರುತ್ತದೆ. ಸಂದರ್ಶನದಲ್ಲಿ "ಆರು ತಿಂಗಳಿಗೆ ಒಂದು ಇನ್‌ಕ್ರಿಮೆಂಟ್ ಕೊಡುತ್ತೇವೆ" ಅಥವಾ "ಮೈಸೂರಿನಲ್ಲೇ ಇರಿಸುತ್ತೇವೆ" ಎಂದು ಬಾಯಲ್ಲಿ ಹೇಳಿದ್ದು ಪತ್ರದೊಳಗೆ ಬಂದಿಲ್ಲದಿದ್ದರೆ, ಈ ಸಾಲು ಅದನ್ನು ಅಲ್ಲಿಗೇ ಮುಗಿಸುತ್ತದೆ. ನಮ್ಮ ಹುಡುಗಿಗೆ ಮೈಸೂರಿನ ಮಾತು ಕೊಟ್ಟಿದ್ದರು, ಪತ್ರದಲ್ಲಿ ಮಾತ್ರ "ಭಾರತದ ಯಾವುದೇ ಕಚೇರಿಗೆ" ಎಂದಿತ್ತು. ಮಂಡ್ಯದಿಂದ ದಿನಾ ಓಡಾಡಲು ಲೆಕ್ಕ ಹಾಕಿದ್ದವಳಿಗೆ ಇದು ಸಣ್ಣ ವಿಷಯವಲ್ಲ. ಆದರೆ ವರ್ಗಾವಣೆಯ ಷರತ್ತನ್ನು ಕಂಪನಿಗಳು ಸುಲಭವಾಗಿ ತೆಗೆಯುವುದಿಲ್ಲವೆಂದು ನನಗೆ ಗೊತ್ತಿದ್ದರಿಂದ ಅದಕ್ಕಾಗಿ ಹಟ ಹಿಡಿಯಬೇಡವೆಂದೆ.

ಎರಡನೆಯ ಹೆಜ್ಜೆ: ಸಂಬಳವನ್ನು ಮೂರು ಗುಂಪಾಗಿ ಬಿಡಿಸಿ

ಅವಳು ಹೇಳಿದ ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಅವಳ ಸಿಟಿಸಿ. ಸಿಟಿಸಿ ಎಂದರೆ ನಿಮ್ಮನ್ನು ಕೆಲಸಕ್ಕಿಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ಖರ್ಚೇ ಹೊರತು ನಿಮ್ಮ ಸಂಬಳವಲ್ಲ. ಅನುಬಂಧದ ಪ್ರತಿಯೊಂದು ಸಾಲಿನ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ: ಪ್ರತಿ ತಿಂಗಳು ಬರುವುದು, ಮುಂದೆಂದೋ ಬರುವುದು, ಬಂದರೆ ಬಂತು ಎನ್ನುವಂಥದ್ದು. ಅವಳ 35,000 ರೂಪಾಯಿ ಹೀಗೆ ಹಂಚಿಹೋಗಿತ್ತು:

ಮೂಲ ವೇತನ (ಬೇಸಿಕ್): 15,000
ಮನೆ ಬಾಡಿಗೆ ಭತ್ಯೆ: 6,000
ವಿಶೇಷ ಭತ್ಯೆ: 7,500
ಭವಿಷ್ಯ ನಿಧಿಗೆ ಕಂಪನಿಯ ಪಾಲು: 1,800
ಗ್ರಾಚ್ಯುಟಿ: 721
ಗುಂಪು ವಿಮೆ: 479
ಕಾರ್ಯಕ್ಷಮತೆ ಆಧಾರಿತ ವೇರಿಯಬಲ್: 3,500

ಮೊದಲ ಮೂರು ಸೇರಿದರೆ 28,500. ಇದೇ ಗ್ರಾಸ್, ಅಂದರೆ ಪ್ರತಿ ತಿಂಗಳ ಸಂಬಳ ಚೀಟಿಯಲ್ಲಿ ಕಾಣುವ ಮೊತ್ತ. ಇದರಲ್ಲಿ ಭವಿಷ್ಯ ನಿಧಿಗೆ ಅವಳದೇ ಪಾಲು 1,800 ಮತ್ತು ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 26,500. ಕರ್ನಾಟಕದಲ್ಲಿ ತಿಂಗಳಿಗೆ 25,000 ಅಥವಾ ಅದಕ್ಕಿಂತ ಹೆಚ್ಚು ಸಂಬಳವಿದ್ದವರಿಗೆ ವೃತ್ತಿ ತೆರಿಗೆ ಬರುತ್ತದೆ. ಫೆಬ್ರುವರಿಯಲ್ಲಿ ಮಾತ್ರ ಅದು 300 ಆಗುವುದರಿಂದ ಆ ತಿಂಗಳು ನೂರು ರೂಪಾಯಿ ಕಡಿಮೆಯಾದರೆ ಗಾಬರಿಯಾಗಬೇಕಿಲ್ಲ. ಆದಾಯ ತೆರಿಗೆ ಕಟ್ಟಬೇಕಾಗುವಷ್ಟು ಆದಾಯ ಇದಲ್ಲ. ಮೂವತ್ತೈದು ಎಂದುಕೊಂಡಿದ್ದು ಇಪ್ಪತ್ತಾರೂವರೆಗೆ ಇಳಿದಾಗ ಹುಡುಗಿಯ ಮುಖ ಸ್ವಲ್ಪ ಬಾಡಿತು. ಆದರೆ ಇದರಲ್ಲಿ ಕಂಪನಿಯ ಮೋಸವೇನೂ ಇರಲಿಲ್ಲ, ಅನುಬಂಧದಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಇತ್ತು.

ಮುಂದೆಂದೋ ಬರುವ ಗುಂಪಿನಲ್ಲಿ ಭವಿಷ್ಯ ನಿಧಿಯದು ಗಟ್ಟಿ ಹಣ. ಕಡ್ಡಾಯ ವಂತಿಗೆಯ ಲೆಕ್ಕಕ್ಕೆ 15,000 ರೂಪಾಯಿಯ ವೇತನ ಮಿತಿ ಇದ್ದು, ಅದರ ಶೇಕಡಾ 12 ಎಂದರೆ 1,800. ಕಂಪನಿಯ 1,800ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗಿ, ಉಳಿದ 550 ಮಾತ್ರ ಭವಿಷ್ಯ ನಿಧಿಯ ಖಾತೆಗೆ ಸೇರುತ್ತದೆ. ಆದ್ದರಿಂದ ಪಾಸ್‌ಬುಕ್‌ನಲ್ಲಿ ಎರಡೂ ಪಾಲು ಸೇರಿ ತಿಂಗಳಿಗೆ 2,350 ಭವಿಷ್ಯ ನಿಧಿಯಾಗಿಯೂ 1,250 ಪಿಂಚಣಿ ವಂತಿಗೆಯಾಗಿಯೂ ಕಾಣಬೇಕು. ಕಾಣದಿದ್ದರೆ ಎರಡನೆಯ ತಿಂಗಳಲ್ಲೇ ಕೇಳಬೇಕು. ಗ್ರಾಚ್ಯುಟಿಯ, ಅಂದರೆ ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟಿನ, ವಿಷಯ ಹಾಗಲ್ಲ. ಕಾಯಂ ನೌಕರರಿಗೆ ಅದು ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆಯ ನಂತರವೇ ಸಿಗುತ್ತದೆ. ಎರಡೇ ವರ್ಷಕ್ಕೆ ಕೆಲಸ ಬಿಡುವವರಿಗೆ ಆ 721 ರೂಪಾಯಿ ಕಾಗದದ ಮೇಲಿನ ಸಂಖ್ಯೆ ಅಷ್ಟೆ.

ಕೊನೆಯ 3,500ನ್ನು ಬೇರೆಯಾಗಿಯೇ ಓದಬೇಕು. ವರ್ಷಕ್ಕೆ 42,000 ಆಗುವ ಈ ಮೊತ್ತವನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಕೆಲಸವನ್ನು ಅಳೆದು ಜೂನ್ ಸಂಬಳದ ಜೊತೆಗೆ ಕೊಡುವುದಾಗಿ ಪತ್ರ ಹೇಳಿತ್ತು. ಆಗಸ್ಟ್‌ನಲ್ಲಿ ಸೇರುವವಳಿಗೆ ಮೊದಲ ವರ್ಷ ಎಂಟು ತಿಂಗಳ ಲೆಕ್ಕ, ಅಂದರೆ ಹೆಚ್ಚೆಂದರೆ 28,000. ಅದರ ಕೆಳಗಿನ ಸಾಲು ಇನ್ನೂ ಮುಖ್ಯ: ಪಾವತಿಯ ದಿನ ನೌಕರರು ಸೇವೆಯಲ್ಲಿರಬೇಕು ಮತ್ತು ನೋಟಿಸ್ ಅವಧಿಯಲ್ಲಿ ಇರಬಾರದು. ಮಾರ್ಚ್‌ವರೆಗೆ ಚೆನ್ನಾಗಿ ದುಡಿದು ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರೆ ಆ ವರ್ಷದ ವೇರಿಯಬಲ್ ಪೂರ್ತಿ ಹೋಯಿತು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ವೇತನದ ಲೆಕ್ಕದಿಂದ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ಮೂಲ ವೇತನವನ್ನು ಬಹಳ ಕೆಳಗಿಟ್ಟು, ಉಳಿದದ್ದನ್ನು ನಾನಾ ಹೆಸರಿನ ಭತ್ಯೆಗಳಾಗಿ ತೋರಿಸುವ ಹಳೆಯ ಅಭ್ಯಾಸಕ್ಕೆ ಇದು ತಡೆ. ನಿಮ್ಮ ಅನುಬಂಧದಲ್ಲಿ ಬೇಸಿಕ್ ಗ್ರಾಸ್‌ನ ಅರ್ಧಕ್ಕಿಂತ ಬಹಳ ಕಡಿಮೆ ಇದ್ದರೆ, ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಿದ್ದೀರಿ ಎಂದು ಕೇಳಬಹುದು. ಅವಳ ಪತ್ರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ಇದ್ದುದರಿಂದ ನಾವು ಆ ಪ್ರಶ್ನೆಗೆ ಹೋಗಲಿಲ್ಲ.

ಮೂರನೆಯ ಹೆಜ್ಜೆ: ಪ್ರೊಬೇಷನ್ ಹೇಗೆ ಮುಗಿಯುತ್ತದೆ ಎಂದು ನೋಡಿ

ಪ್ರೊಬೇಷನ್ ಎಷ್ಟು ತಿಂಗಳು ಎಂಬುದನ್ನು ಎಲ್ಲರೂ ನೋಡುತ್ತಾರೆ, ಅದು ಹೇಗೆ ಮುಗಿಯುತ್ತದೆ ಎಂಬುದನ್ನು ನೋಡುವವರು ಕಡಿಮೆ. ಅವಳ ಪತ್ರದಲ್ಲಿ ಹೀಗಿತ್ತು: ಆರು ತಿಂಗಳ ಪ್ರೊಬೇಷನ್, ಕಂಪನಿ ಬಯಸಿದರೆ ವಿಸ್ತರಣೆ, ಲಿಖಿತವಾಗಿ ಕಾಯಂಗೊಳಿಸುವವರೆಗೆ ಪ್ರೊಬೇಷನ್ ಮುಂದುವರಿದಂತೆಯೇ ಲೆಕ್ಕ. ಈ ಮೂರನೆಯ ತುಂಡಿನಿಂದಾಗಿ "ಆರು ತಿಂಗಳು" ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ಅವಧಿ ಮುಗಿದ ಮಾತ್ರಕ್ಕೆ ನೌಕರ ತಾನಾಗಿ ಕಾಯಂ ಆಗುವುದಿಲ್ಲ, ಪತ್ರದಲ್ಲಿ ಅಥವಾ ನಿಯಮದಲ್ಲಿ ಹಾಗೆಂದು ಇದ್ದರೆ ಮಾತ್ರ ಆಗುತ್ತಾನೆ ಎಂಬುದೇ ನ್ಯಾಯಾಲಯಗಳ ಸಾಮಾನ್ಯ ನಿಲುವು.

ಇದು ನನಗೇ ಆದ ಅನುಭವ. ನನ್ನ ಮೊದಲ ಕೆಲಸದಲ್ಲಿ ಆರು ತಿಂಗಳ ಪ್ರೊಬೇಷನ್ ಹದಿನಾಲ್ಕು ತಿಂಗಳು ನಡೆಯಿತು. ಯಾರಿಗೂ ನನ್ನ ಮೇಲೆ ಅಸಮಾಧಾನವಿರಲಿಲ್ಲ, ಕಾಯಂ ಪತ್ರ ಟೈಪ್ ಮಾಡಿಸುವುದನ್ನು ಮೇಲಧಿಕಾರಿಗಳು ಮರೆತಿದ್ದರು, ಅಷ್ಟೆ. ಆ ಎಂಟು ತಿಂಗಳು ನನಗೆ ಗಳಿಕೆ ರಜೆ ಸಿಗಲಿಲ್ಲ, ವಾರ್ಷಿಕ ಬಡ್ತಿಯೂ ಕೈತಪ್ಪಿತು. ಕೇಳಲು ಸಂಕೋಚಪಟ್ಟಿದ್ದು ನನ್ನ ತಪ್ಪು.

ಇಲ್ಲಿ ಕೇಳಬೇಕಾದ್ದು ಎರಡೇ ತಿದ್ದುಪಡಿ. ವಿಸ್ತರಣೆಗೆ ಒಂದು ಗರಿಷ್ಠ ಮಿತಿ ಇರಲಿ, ಉದಾಹರಣೆಗೆ ಒಂದು ಬಾರಿ, ಮೂರು ತಿಂಗಳು. ಅವಧಿ ಮುಗಿಯುವುದರೊಳಗೆ ಲಿಖಿತ ವಿಸ್ತರಣೆ ಬಾರದಿದ್ದರೆ ಕಾಯಂ ಎಂದೇ ಪರಿಗಣಿಸಲಿ. ಎರಡನೆಯದನ್ನು ಒಪ್ಪದ ಕಂಪನಿಗಳೂ ಮೊದಲನೆಯದನ್ನು ಸಾಮಾನ್ಯವಾಗಿ ಒಪ್ಪುತ್ತವೆ.

ಪ್ರೊಬೇಷನ್‌ನಲ್ಲಿ ಇರುವವರೆಗೆ ಯಾವ ರಕ್ಷಣೆಯೂ ಇಲ್ಲವೆಂದು ಹಲವರು ತಿಳಿದಿದ್ದಾರೆ, ಅದು ಪೂರ್ತಿ ನಿಜವಲ್ಲ. ಇಂಥ ಕಚೇರಿಗಳಿಗೆ ಅನ್ವಯಿಸುವ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ 39ನೇ ಪ್ರಕರಣದ ಪ್ರಕಾರ, ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ನಿರಂತರ ಸೇವೆ ಸಲ್ಲಿಸಿದ ನೌಕರರನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲ. ವಿಚಾರಣೆಯಲ್ಲಿ ದುರ್ನಡತೆ ಸಾಬೀತಾದಾಗ ನೋಟಿಸ್ ಬೇಕಿಲ್ಲ, ಆಡಳಿತದ ಸ್ಥಾನದಲ್ಲಿರುವವರಿಗೆ ಈ ರಕ್ಷಣೆಯೂ ಇಲ್ಲ. ಪತ್ರದಲ್ಲಿ ಪ್ರೊಬೇಷನ್ ಎಂದು ಕರೆದರೂ ಕಾನೂನು ಎಣಿಸುವುದು ಸೇವೆಯ ತಿಂಗಳುಗಳನ್ನು. ಅದೇ ಅಧಿನಿಯಮವು ಕೆಲಸಕ್ಕೆ ಸೇರಿದ 30 ದಿನದೊಳಗೆ ಲಿಖಿತ ನೇಮಕಾತಿ ಆದೇಶ ಕೊಡಬೇಕೆಂದೂ ಹೇಳುತ್ತದೆ. ಆದ್ದರಿಂದ "ಪತ್ರ ಆಮೇಲೆ ಕೊಡುತ್ತೇವೆ" ಎನ್ನುವ ಸಣ್ಣ ಸಂಸ್ಥೆಗಳಲ್ಲೂ ಅದನ್ನು ಧೈರ್ಯವಾಗಿ ಕೇಳಬಹುದು.

ನಾಲ್ಕನೆಯ ಹೆಜ್ಜೆ: ನೋಟಿಸ್ ದಿನಗಳನ್ನು ರೂಪಾಯಿಗೆ ಪರಿವರ್ತಿಸಿ

ಪತ್ರದ ಒಂಬತ್ತನೆಯ ಪುಟದಲ್ಲಿದ್ದುದು ಇದು: ಪ್ರೊಬೇಷನ್ ಕಾಲದಲ್ಲಿ ಕಂಪನಿಯು ನೋಟಿಸ್ ಇಲ್ಲದೆ ಕೆಲಸದಿಂದ ತೆಗೆಯಬಹುದು, ನೌಕರರು ಮಾತ್ರ 60 ದಿನದ ನೋಟಿಸ್ ಕೊಡಬೇಕು. ಕಾಯಂ ಆದ ಮೇಲೆ ಇಬ್ಬರಿಗೂ 90 ದಿನ, ಅಥವಾ ಅದರ ಬದಲಿಗೆ "ಸಂಬಳ".

ಆ ಕೊನೆಯ ಪದದ ಕೆಳಗೆ ಗೆರೆ ಎಳೆದು, ಇದು ಯಾವ ಸಂಬಳ ಎಂದು ಅವಳನ್ನೇ ಕೇಳಿದೆ. ಹದಿನಾಲ್ಕು ಪುಟಗಳಲ್ಲಿ ಎಲ್ಲೂ ಅದರ ವ್ಯಾಖ್ಯೆ ಇರಲಿಲ್ಲ. ಹೊಸ ಕೆಲಸ ಸಿಕ್ಕಿ, ಅವರು 30 ದಿನದಲ್ಲೇ ಬಾ ಎಂದರು ಎಂದುಕೊಳ್ಳೋಣ. 90ರಲ್ಲಿ 60 ದಿನ ಕೊರತೆ ಬೀಳುತ್ತದೆ. ಮೂಲ ವೇತನದ ಮೇಲೆ ಲೆಕ್ಕ ಹಾಕಿದರೆ ದಿನಕ್ಕೆ 500ರಂತೆ 30,000 ಕಟ್ಟಬೇಕು. ಗ್ರಾಸ್ ಮೇಲಾದರೆ ದಿನಕ್ಕೆ 950ರಂತೆ 57,000. ಸಿಟಿಸಿ ಮೇಲೆ ಎಂದು ಹಿಡಿದರೆ 70,000. ಒಂದು ಪದದ ಅರ್ಥ ಬರೆಯದೇ ಬಿಟ್ಟದ್ದರಿಂದ ನಲವತ್ತು ಸಾವಿರದ ವ್ಯತ್ಯಾಸ, ಅಂದರೆ ಅವಳ ಒಂದೂವರೆ ತಿಂಗಳ ಕೈಗೆ ಬರುವ ಸಂಬಳ. ಇಂಥ ಅಸ್ಪಷ್ಟತೆ ಇದ್ದಾಗ ಲೆಕ್ಕ ಹಾಕುವವರು ತಮಗೆ ಅನುಕೂಲವಾದ ಅರ್ಥವನ್ನೇ ತೆಗೆದುಕೊಳ್ಳುತ್ತಾರೆ. ಮೇಜಿನ ಆ ಬದಿಯಲ್ಲಿ ಕೂತು ನಾನೂ ಅದನ್ನು ನೋಡಿದ್ದೇನೆ.

ಮುಂದಿನ ಸಾಲನ್ನೂ ಬಿಡಬೇಡಿ. ನೋಟಿಸ್ ಬದಲು ಹಣ ಕಟ್ಟಿ ಹೊರಡುವ ಆಯ್ಕೆ ಯಾರದು? "ಕಂಪನಿಯ ವಿವೇಚನೆಗೆ ಒಳಪಟ್ಟು" ಎಂದಿದ್ದರೆ, ನೀವು ಹಣ ಕಟ್ಟಲು ಸಿದ್ಧರಿದ್ದರೂ ಅವರು 90 ದಿನ ಕೂತೇ ಹೋಗಿ ಎನ್ನಬಹುದು. ಆಗ ಜಗಳ ಬರುವುದು ಕೆಲಸದಿಂದ ಬಿಡುಗಡೆ ಮಾಡಿದ್ದೇವೆಂದು ಕಂಪನಿ ಕೊಡುವ ರಿಲೀವಿಂಗ್ ಪತ್ರದ ವಿಷಯದಲ್ಲಿ, ಏಕೆಂದರೆ ಮುಂದಿನ ಕಂಪನಿಗಳು ಬಹುತೇಕ ಅದನ್ನು ಕೇಳುತ್ತವೆ. ಬಾಕಿ ಉಳಿದ ಗಳಿಕೆ ರಜೆಯನ್ನು ನೋಟಿಸ್‌ಗೆ ಹೊಂದಿಸಬಹುದೇ ಎಂಬುದನ್ನು ನಿಯಮ ಪುಸ್ತಕದಲ್ಲಿ ನೋಡಿ.

ಕೆಲಸ ಬಿಟ್ಟ ಮೇಲಿನ ಲೆಕ್ಕ ಚುಕ್ತಾ ವಿಷಯದಲ್ಲಿ ಹಳೆಯ ಮಾದರಿಯ ಪತ್ರಗಳು "45 ದಿನದೊಳಗೆ" ಎಂದು ಬರೆಯುತ್ತವೆ. ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಅಥವಾ ವಜಾ ಆದ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. ಗ್ರಾಚ್ಯುಟಿಗೆ ಈ ಎರಡು ದಿನದ ಲೆಕ್ಕವಿಲ್ಲ, ಅದಕ್ಕೆ ಪ್ರತ್ಯೇಕ ಕಾಲಾವಧಿ ಇದೆ.

ಐದನೆಯ ಹೆಜ್ಜೆ: ಗೋಪ್ಯತೆ ಎಲ್ಲಿಯವರೆಗೆ ಎಂದು ಅಳೆಯಿರಿ

ಗೋಪ್ಯತೆಯ ಷರತ್ತು ಇರುವುದು ತಪ್ಪಲ್ಲ. ಗ್ರಾಹಕರ ಹೆಸರು, ಬೆಲೆ, ಪ್ರೋಗ್ರಾಂ, ದತ್ತಾಂಶ ಇವುಗಳನ್ನು ಹೊರಗೆ ಹೇಳಬಾರದೆಂದು ಕೇಳಲು ಕಂಪನಿಗೆ ಹಕ್ಕಿದೆ. ತೊಂದರೆ ಬರುವುದು ಅದರ ವ್ಯಾಪ್ತಿಯಿಂದ. ಅವಳ ಪತ್ರವು "ಕೆಲಸದ ಅವಧಿಯಲ್ಲಿ ತಿಳಿದುಬಂದ ಎಲ್ಲ ಮಾಹಿತಿ" ಎಂದಿತ್ತು. ಹಾಗಾದರೆ ಎಲ್ಲರಿಗೂ ಗೊತ್ತಿರುವುದು, ಅವಳಿಗೆ ಮೊದಲೇ ಗೊತ್ತಿದ್ದುದು ಎಲ್ಲವೂ ಗುಟ್ಟೇ. ಮೂರು ವಿನಾಯಿತಿ ಬರೆಸಿಕೊಳ್ಳಬೇಕು: ಈಗಾಗಲೇ ಸಾರ್ವಜನಿಕವಾಗಿರುವ ಮಾಹಿತಿ, ಸೇರುವ ಮೊದಲೇ ತನಗೆ ತಿಳಿದಿದ್ದ ಮಾಹಿತಿ, ಮತ್ತು ಕಾನೂನಿನ ಪ್ರಕಾರ ನ್ಯಾಯಾಲಯಕ್ಕೋ ಸರ್ಕಾರಿ ಕಚೇರಿಗೋ ಕೊಡಲೇಬೇಕಾದ ಮಾಹಿತಿ.

ಉಲ್ಲಂಘನೆ ಆಗುವುದು ಹೆಚ್ಚಾಗಿ ಬೇಕೆಂದೇ ಅಲ್ಲ, ಅಭ್ಯಾಸದಿಂದ. ಮಂಡ್ಯದ ಮನೆಯಿಂದ ಕೆಲಸ ಮಾಡುವ ದಿನ ಪರದೆಯಲ್ಲಿ ಒಂದು ದೋಷ ಕಾಣಿಸಿತು, ಮೊಬೈಲ್‌ನಲ್ಲಿ ಫೋಟೋ ತೆಗೆದು ತಂಡದ ವಾಟ್ಸಾಪ್ ಗುಂಪಿಗೆ ಹಾಕಿದಿರಿ. ಫೋಟೋದ ಮೂಲೆಯಲ್ಲಿ ಗ್ರಾಹಕರೊಬ್ಬರ ಹೆಸರು, ಖಾತೆ ಸಂಖ್ಯೆ ಇತ್ತು. ಪತ್ರದ ಭಾಷೆಯಲ್ಲಿ ಅದು ಉಲ್ಲಂಘನೆಯೇ. ಮರುದಿನದ ಕೆಲಸಕ್ಕೆಂದು ಕಡತವನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳುವುದೂ ಹಾಗೆಯೇ. ರಾಜೀನಾಮೆ ಕೊಟ್ಟವರ ಕಚೇರಿ ಮೇಲ್‌ನಲ್ಲಿ ಕಂಪನಿಗಳು ಮೊದಲು ಹುಡುಕುವುದು ಇದನ್ನೇ.

ಉಲ್ಲಂಘಿಸಿದರೆ 5 ಲಕ್ಷ ರೂಪಾಯಿ ಎಂದು ಪತ್ರದಲ್ಲಿತ್ತು. ಅಕ್ಕನಿಗೆ ಫೋನಿನಲ್ಲಿ ಇದನ್ನು ಓದಿ ಹೇಳಿದಾಗ ಆಕೆ "ಈ ಕೆಲಸಾನೇ ಬೇಡ ಕಣವ್ವಾ" ಎಂದುಬಿಟ್ಟಳು. ಭಾರತೀಯ ಕರಾರು ಅಧಿನಿಯಮ, 1872ರ 74ನೇ ಪ್ರಕರಣದ ಪ್ರಕಾರ, ಕರಾರಿನಲ್ಲಿ ಹೆಸರಿಸಿದ ಮೊತ್ತ ಗರಿಷ್ಠ ಮಿತಿಯೇ ಹೊರತು ತಾನಾಗಿ ಕೊಡಬೇಕಾದ ದಂಡವಲ್ಲ. ಆ ಮಿತಿಯೊಳಗೆ ಯುಕ್ತವಾದ ಪರಿಹಾರವೆಷ್ಟು ಎಂದು ನಿರ್ಧರಿಸುವುದು ನ್ಯಾಯಾಲಯ.

ಇದರ ಬೆನ್ನಿಗೇ, ಕೆಲಸ ಬಿಟ್ಟ 12 ತಿಂಗಳು ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದೆಂಬ ಸಾಲಿತ್ತು. ಅದೇ ಅಧಿನಿಯಮದ 27ನೇ ಪ್ರಕರಣವು ಉದ್ಯೋಗ ವ್ಯವಹಾರಗಳಿಗೆ ತಡೆಯೊಡ್ಡುವ ಕರಾರನ್ನು ಶೂನ್ಯವೆನ್ನುತ್ತದೆ, ಮತ್ತು ನಮ್ಮ ನ್ಯಾಯಾಲಯಗಳು ಕೆಲಸ ಬಿಟ್ಟ ನಂತರದ ಇಂಥ ನಿರ್ಬಂಧವನ್ನು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ. ಕೆಲಸದಲ್ಲಿರುವಾಗ ಇನ್ನೊಂದು ಕಡೆ ದುಡಿಯಬಾರದೆಂಬ ಷರತ್ತು ಮಾತ್ರ ಊರ್ಜಿತವಾಗುತ್ತದೆ. ಬೇರೆ ಕಂಪನಿಗೆ ಸೇರುವುದು ಒಂದು, ಹಳೆಯ ಕಂಪನಿಯ ಕಡತಗಳನ್ನು ಅಲ್ಲಿಗೆ ಒಯ್ಯುವುದು ಇನ್ನೊಂದು. ಮೊದಲನೆಯದಕ್ಕಿರುವ ಸ್ವಾತಂತ್ರ್ಯ ಎರಡನೆಯದಕ್ಕೆ ಇಲ್ಲ.

ಆರನೆಯ ಹೆಜ್ಜೆ: ಮೂರೇ ಪ್ರಶ್ನೆ, ಒಂದೇ ಇಮೇಲ್

ಫೋನಿನಲ್ಲಿ ಕೇಳಬೇಡಿ, ಉತ್ತರಕ್ಕೆ ದಾಖಲೆ ಇರುವುದಿಲ್ಲ. ಹತ್ತು ತಿದ್ದುಪಡಿ ಕೇಳಿದರೆ ಹೊಸಬರ ಪತ್ರವನ್ನು ಬದಿಗಿಡುವ ಸಂಭವವೂ ಇದೆ. ಅವಳು ಅಂದು ಸಂಜೆ ಕಳಿಸಿದ ಇಮೇಲ್‌ನ ಸಾರ ಇಷ್ಟು:

"ನೇಮಕಾತಿ ಪತ್ರಕ್ಕಾಗಿ ವಂದನೆಗಳು. ಆಗಸ್ಟ್ 1ರಂದು ಹಾಜರಾಗಲು ಸಿದ್ಧಳಿದ್ದೇನೆ. ಸಹಿಗೆ ಮುನ್ನ ಮೂರು ವಿಷಯಗಳನ್ನು ಲಿಖಿತವಾಗಿ ಸ್ಪಷ್ಟಪಡಿಸಬೇಕೆಂದು ಕೋರುತ್ತೇನೆ. ಒಂದು, ನೋಟಿಸ್ ಬದಲಿಗೆ ಕೊಡುವ ಸಂಬಳವೆಂದರೆ ಮೂಲ ವೇತನವೆಂದು ತಿಳಿಯಬಹುದೇ? ಎರಡು, ಪ್ರೊಬೇಷನ್ ವಿಸ್ತರಣೆಗೆ ಮೂರು ತಿಂಗಳ ಮಿತಿ ಇರಿಸಬಹುದೇ, ಮತ್ತು ಆ ಅವಧಿಯಲ್ಲಿ ಇಬ್ಬರಿಗೂ ಒಂದೇ 30 ದಿನದ ನೋಟಿಸ್ ಇರಬಹುದೇ? ಮೂರು, ಗೋಪ್ಯತೆಯ ಷರತ್ತಿನಲ್ಲಿ ಸಾರ್ವಜನಿಕ ಮಾಹಿತಿ, ನನಗೆ ಮೊದಲೇ ತಿಳಿದಿದ್ದ ಮಾಹಿತಿ ಹಾಗೂ ಕಾನೂನಿನ ಪ್ರಕಾರ ಕೊಡಲೇಬೇಕಾದ ಮಾಹಿತಿಗೆ ವಿನಾಯಿತಿ ಸೇರಿಸಬಹುದೇ?"

ಮಂಗಳವಾರ ಉತ್ತರ ಬಂತು. ನೋಟಿಸ್ ಲೆಕ್ಕ ಮೂಲ ವೇತನದ ಮೇಲೆಯೇ ಎಂದು ಒಪ್ಪಿದ್ದರು, ಗೋಪ್ಯತೆಯ ವಿನಾಯಿತಿಗಳನ್ನೂ ಸೇರಿಸಿದ್ದರು. ಪ್ರೊಬೇಷನ್ ವಿಸ್ತರಣೆಗೆ ಮೂರು ತಿಂಗಳ ಮಿತಿ ಹಾಕಿದರೂ ಆ ಕಾಲದ ನೋಟಿಸ್ ಷರತ್ತನ್ನು ಮಾತ್ರ ಬದಲಿಸಲಿಲ್ಲ. ತಿದ್ದಿದ ಪತ್ರದ ಪ್ರತಿ ಪುಟಕ್ಕೂ ಅವಳು ದಿನಾಂಕ ಸಮೇತ ಸಹಿ ಮಾಡಿ, ಕಂಪನಿಯ ಸಹಿಯೂ ಇರುವ ಒಂದು ಪ್ರತಿಯನ್ನು ಪಡೆದು, ಆ ಇಮೇಲ್‌ಗಳನ್ನು ಕಚೇರಿಯ ಖಾತೆಯಲ್ಲಿ ಅಲ್ಲದೆ ಸ್ವಂತ ಖಾತೆಯಲ್ಲಿ ಉಳಿಸಿಕೊಂಡಳು. ಕೆಲಸ ಬಿಟ್ಟ ದಿನ ಕಚೇರಿಯ ಖಾತೆ ಮುಚ್ಚಿಹೋಗುತ್ತದೆ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ನಕಲು ಪ್ರತಿಗಳನ್ನಷ್ಟೇ ಕೊಟ್ಟಳು.

ಮನೆಗೆ ಹೋದ ಮೇಲೆ ಗೋಡೆಯ ಕ್ಯಾಲೆಂಡರಿನ ಜನವರಿ 31ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾಳಂತೆ. ಅದು ಅವಳ ಪ್ರೊಬೇಷನ್ನಿನ ಕೊನೆಯ ದಿನ. ಅಂದು ಕಾಯಂ ಪತ್ರ ಬಾರದಿದ್ದರೆ ಫೆಬ್ರುವರಿ 1ರ ಬೆಳಿಗ್ಗೆ ಕಳಿಸಬೇಕಾದ ಎರಡು ಸಾಲಿನ ಜ್ಞಾಪನಾ ಇಮೇಲನ್ನು ಈಗಲೇ ಬರೆದಿಟ್ಟುಕೊಂಡಿದ್ದಾಳೆ.